ಕಣತಲೆಯ ನರೆಗೆ ಎರಡು ಸೊಪ್ಪು

ನಮಗೆ 44 ತುಂಬಿದ ವರ್ಷ ಅಕ್ಕನ ಮಗಳ ವಿವಾಹ ನಿಶ್ಚಯವಾಯಿತು. ಸೋದರಮಾವನಾಗಿ ಮಂಟಪದಲ್ಲಿ ನಿಲ್ಲಬೇಕಾದವರು ನಾವು. ಕನ್ನಡಿ ನೋಡಿದರೆ ಕಣತಲೆಗಳೆರಡರಲ್ಲೂ ಬೆಳ್ಳಿಯ ಎಳೆಗಳು, ಗಡ್ಡದಲ್ಲಿ ಅರ್ಧಕ್ಕರ್ಧ ಬಿಳುಪು. ಪೇಟೆಯಿಂದ ‘ಕಪ್ಪು ಮೆಹಂದಿ’ಯ ಪೊಟ್ಟಣವೊಂದನ್ನು ತಂದು, ಅದರ ಮೇಲಿನ ‘ನೈಸರ್ಗಿಕ’ ಎಂಬ ಮಾತನ್ನು ನಂಬಿ ಹಚ್ಚಿಕೊಂಡೆವು. ಅರ್ಧ ಗಂಟೆಯಲ್ಲಿ ಗಡ್ಡ ಕಾಡಿಗೆಯಂತಾಯಿತು. ಎರಡನೆಯ ದಿನ ಗಲ್ಲ ಕೆಂಪೇರಿ ತುರಿಸಿತು; ಮೂರನೆಯ ದಿನ ನೀರುಗುಳ್ಳೆಗಳೆದ್ದು ಕಣ್ಣಿನ ರೆಪ್ಪೆಗಳು ಊದಿಕೊಂಡವು. ಮದುವೆಯ ಚಿತ್ರಗಳಲ್ಲಿ ನಾವು ಎಲ್ಲರ ಹಿಂದೆ ನಿಂತಿದ್ದೇವೆ.

ವೈದ್ಯರು ಪೊಟ್ಟಣದ ಹಿಂಬದಿಯ ಸಣ್ಣಕ್ಷರಗಳನ್ನು ಓದಿಸಿದರು. ಅಲ್ಲಿ ‘ಪ್ಯಾರಾ ಫಿನೈಲಿನ್ ಡೈಅಮೈನ್’ ಎಂದಿತ್ತು. ಕಪ್ಪು ಬರಿಸುತ್ತಿದ್ದುದು ಆ ರಾಸಾಯನಿಕವೇ ಹೊರತು ಸೊಪ್ಪಲ್ಲ. ಒಮ್ಮೆ ಅದು ಮೈಗೆ ಒಗ್ಗದೆ ಹೋದರೆ ಮುಂದೆ ಅದಿರುವ ಯಾವ ಬಣ್ಣ ಹಚ್ಚಿದರೂ ಹಾಗೆಯೇ ಆಗುವ ಸಂಭವವಿದೆ ಎಂದು ಎಚ್ಚರಿಸಿದರು. ಆಗ ನಾವು ಕಲಿತ ಗುರುತು ಇದು: ಗೋರಂಟಿಯೊಂದೇ ಬಿಳಿಯ ಕೂದಲನ್ನು ಎಂದಿಗೂ ಕಪ್ಪು ಮಾಡದು, ಅದು ಕೊಡುವುದು ಕಿತ್ತಳೆಗೆಂಪು. ಒಂದೇ ಲೇಪದಲ್ಲಿ ಅರ್ಧ ಗಂಟೆಯೊಳಗೆ ಕಡುಗಪ್ಪಾದರೆ ಅದರಲ್ಲಿ ಬೇರೇನೋ ಬೆರೆತಿದೆಯೆಂದೇ ತಿಳಿಯಬೇಕು.

ಗಲ್ಲ ಮಾಗಿದ ಮೇಲೆ ನಮ್ಮ ಅರೇಹಳ್ಳಿಯ ನೆರೆಯವರೊಬ್ಬರು ಕಾಫಿಯ ಡಿಕಾಕ್ಷನ್ ಹಚ್ಚಲು ಹೇಳಿದರು. ಕಾಫಿಗೆ ನಮ್ಮಲ್ಲಿ ಬರವೇ? ಹಚ್ಚಿದೆವು, ಒಂದೇ ಸ್ನಾನಕ್ಕೆ ತೊಳೆದುಹೋಯಿತು. ಕೊನೆಗೆ ಫಲಿಸಿದ್ದು ಎರಡು ಸೊಪ್ಪಿನ ಕ್ರಮ: ಮೊದಲು ಗೋರಂಟಿ, ಅದರ ಮೇಲೆ ನೀಲಿ. ಇಂಡಿಗೋ ಪುಡಿ ಎಂದು ಮಾರುವುದು ನೀಲಿಗಿಡದ ಎಲೆಯ ಪುಡಿಯೇ. ಇದೂ ಎಲ್ಲರ ಮೈಗೂ ಒಗ್ಗಬೇಕೆಂದಿಲ್ಲವಾದ್ದರಿಂದ ಎರಡನ್ನೂ ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ಕಾದು ನೋಡಿದೆವು. ಕ್ಷೌರದಲ್ಲಿ ಬಿದ್ದ ಬಿಳಿಯ ಕೂದಲನ್ನು ಕಟ್ಟಿಟ್ಟು ಬಣ್ಣವನ್ನೂ ಅದರ ಮೇಲೆಯೇ ಪರೀಕ್ಷಿಸಿದೆವು.

ಕಣತಲೆ ಮತ್ತು ಗಡ್ಡಕ್ಕೆ 30 ಗ್ರಾಂ ಗೋರಂಟಿ ಪುಡಿ ಸಾಕು. ಅದನ್ನು ಉಗುರುಬೆಚ್ಚಗಿನ ಚಹಾ ಕಷಾಯದಲ್ಲಿ ಮೊಸರಿನ ಹದಕ್ಕೆ ಕಲಸಿ ರಾತ್ರಿಯೆಲ್ಲ ನೆನೆಸಿಡುತ್ತೇವೆ. ಬೆಳಗ್ಗೆ ಎಣ್ಣೆಯ ಜಿಡ್ಡು ಹೋಗುವಂತೆ ಗಡ್ಡ ತೊಳೆದು ಒರೆಸಿ, ಕೂದಲಿನ ಬುಡದವರೆಗೆ ಹಚ್ಚುತ್ತೇವೆ. ಸುತ್ತಲಿನ ಚರ್ಮಕ್ಕೆ ಮಾತ್ರ ಕೊಬ್ಬರಿ ಎಣ್ಣೆ ಸವರಬೇಕು. ಮೊದಲ ಸಲ ಇದನ್ನು ಮರೆತು, ವಿಭೂತಿ ಧರಿಸುವ ಹಣೆಯ ಎರಡು ತುದಿಗಳಲ್ಲೂ ಕೇಸರಿ ಕಲೆ ಹೊತ್ತು ನಾಲ್ಕು ದಿನ ತಿರುಗಿದೆವು. ಎರಡು ಗಂಟೆಯ ನಂತರ ಬರಿಯ ನೀರಿನಲ್ಲಿ ತೊಳೆಯುವುದು. ಮಲೆನಾಡಿನ ಮಳೆಗಾಲದ ಚಳಿಯಲ್ಲಿ ಬಣ್ಣ ನಿಧಾನವಾಗಿ ಹಿಡಿಯುವುದರಿಂದ ಆಗ ಮೂರು ಗಂಟೆ ಬಿಡುತ್ತೇವೆ.

ನೀಲಿಯ ಸ್ವಭಾವ ಇದಕ್ಕೆ ವಿರುದ್ಧ. ಅದನ್ನು ನೆನೆಸಿಟ್ಟರೆ ಕೆಡುತ್ತದೆ. ಅಷ್ಟೇ ತೂಕದ ಪುಡಿಗೆ ಚಿಟಿಕೆ ಉಪ್ಪು, ಉಗುರುಬೆಚ್ಚಗಿನ ನೀರು ಸೇರಿಸಿ ಕಾಲು ಗಂಟೆ ಬಿಟ್ಟು ತಕ್ಷಣ ಹಚ್ಚಿ, ಒಂದು ಗಂಟೆಯ ಮೇಲೆ ತೊಳೆಯಬೇಕು. ತೊಳೆದಾಗ ಗಡ್ಡದಲ್ಲಿ ಹಸಿರು ಛಾಯೆ ಕಂಡು ನಮ್ಮ ಮನೆಯವರು ನಕ್ಕರು. ಗಾಳಿಗೆ ಒಡ್ಡಿಕೊಂಡು ಒಂದೆರಡು ದಿನದಲ್ಲಿ ಆ ಹಸಿರು ಕಳೆದು ಬಣ್ಣ ಗಾಢವಾಗುತ್ತದೆ. ಅಲ್ಲಿಯವರೆಗೆ ಸೋಪು ತಾಗಿಸಬಾರದು.

ಹೀಗೆ ಬಂದ ಕಪ್ಪನ್ನು ಕಂಡು ಸಂತೋಷಪಟ್ಟಿದ್ದು ಒಂದು ವಾರ ಮಾತ್ರ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ತಲೆಯಲ್ಲಿ ಬಣ್ಣದ ಭಾಗ ಉಳಿದು ಬುಡವಷ್ಟೇ ಬೆಳ್ಳಗಾಗುತ್ತದೆ. ಚಿಕ್ಕದಾಗಿ ಕತ್ತರಿಸುವ ಗಡ್ಡದಲ್ಲಾದರೋ ಬಣ್ಣದ ತುದಿ ಕತ್ತರಿಗೆ ಹೋಗಿ, ಒಂದು ತಿಂಗಳಲ್ಲಿ ಗಡ್ಡವೇ ಹೊಸದಾಗಿರುತ್ತದೆ. ಕಡುಗಪ್ಪಿನ ಕೆಳಗೆ ಬಿಳಿಯ ಬುಡ ಗೆರೆ ಎಳೆದಂತೆ ಕಂಡು, ಮುಚ್ಚಿದ ಗುಟ್ಟನ್ನು ತಾನೇ ಸಾರುತ್ತಿತ್ತು.

ಆದ್ದರಿಂದ ಈಗ ಕಪ್ಪಿನ ಆಸೆ ಬಿಟ್ಟಿದ್ದೇವೆ. ನೆನೆದ ಗೋರಂಟಿ ಒಂದು ಪಾಲಿಗೆ ಹೊಸದಾಗಿ ಕಲಸಿದ ನೀಲಿ ಎರಡು ಪಾಲು ಬೆರೆಸಿ, ಒಟ್ಟಿಗೇ ಎರಡು ಗಂಟೆ ಹಚ್ಚುತ್ತೇವೆ. ಆಗ ಬರುವುದು ಕಂದು. ಕಂದಿನ ಪಕ್ಕದಲ್ಲಿ ಹೊಸ ಬಿಳುಪು ಅಷ್ಟಾಗಿ ಎದ್ದು ಕಾಣದು. ಕಣತಲೆಗೆ ಮೂರು ವಾರಕ್ಕೊಮ್ಮೆ ಸಾಕಾಗುತ್ತದೆ. ಗಡ್ಡಕ್ಕೆ ಮಾತ್ರ ಹತ್ತು ದಿನಕ್ಕೊಮ್ಮೆ ಬೇಕೆಂದು ಕಂಡಾಗ, ಗಲ್ಲದ ನಡುವಿನ ಬಿಳುಪನ್ನು ಹಾಗೆಯೇ ಬಿಟ್ಟು ಅಂಚುಗಳಿಗಷ್ಟೇ ಹಚ್ಚುವುದನ್ನು ರೂಢಿಸಿಕೊಂಡೆವು.

ಕಳೆದ ತಿಂಗಳು ಅಕ್ಕನ ಮೊಮ್ಮಗನ ನಾಮಕರಣ. ಚಿತ್ರ ತೆಗೆಯುವಾಗ ಮಗುವನ್ನು ಎತ್ತಿಕೊಂಡು ಮುಂದಿನ ಸಾಲಿನಲ್ಲಿಯೇ ನಿಂತೆವು. ಮಗು ಹಿಡಿದು ಎಳೆದದ್ದು ಗಲ್ಲದ ಆ ಬಿಳಿಯ ಕೂದಲನ್ನೇ.