ಕರೆಂಟ್ ಹೋದರೂ ಆರದ ದೀಪ

ಕಡಬದ ನಮ್ಮ ಮನೆಯಲ್ಲಿ ಸಂಜೆ ಕರೆಂಟ್ ಹೋದರೆ ವೈಫೈ ಕೂಡ ಹೋಗುತ್ತಿತ್ತು. ಆಪಾಳ ಸಿಇಟಿ ಆನ್‌ಲೈನ್ ತರಗತಿ ನಡೆಯುತ್ತಿದ್ದುದೂ ಅದೇ ಹೊತ್ತಿಗೆ. ಇನ್ವರ್ಟರ್ ಕೊಳ್ಳುವಷ್ಟು ಹಣ ಇರಲಿಲ್ಲ. ಅಬ್ಬಾ ಅವರ ಪವರ್ ಬ್ಯಾಂಕ್ ಇತ್ತು.

ಪವರ್ ಬ್ಯಾಂಕ್ ಕೊಡುವುದು 5 ವೋಲ್ಟ್. ರೌಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದು ಬರೆದಿತ್ತು. 5ನ್ನು 12ಕ್ಕೆ ಏರಿಸುವ ಕೇಬಲನ್ನು ತುಮಕೂರಿನಿಂದ ತಂದೆ. ಕೆಲವು ರೌಟರ್‌ಗಳಿಗೆ 9 ವೋಲ್ಟ್ ಸಾಕು. ಅವಕ್ಕೆ 12ರ ಕೇಬಲ್ ಹಾಕಿದರೆ ಸುಟ್ಟುಹೋಗಬಹುದು. ಆದ್ದರಿಂದ ಮೊದಲು ಅಡಾಪ್ಟರ್ ಓದಬೇಕು.

ಸಿಕ್ಕಿಸಿದೆ, ದೀಪ ಹತ್ತಿತು. ಆದರೆ ಆಪಾ ವಿಡಿಯೊ ತೆರೆದ ಕೂಡಲೇ ರೌಟರ್ ಆರಿ ಮತ್ತೆ ಹತ್ತತೊಡಗಿತು. ಕೇಬಲ್ಲೇ ಕೆಟ್ಟದ್ದು ಎಂದುಕೊಂಡೆ. ಮರುದಿನ ಭೌತಶಾಸ್ತ್ರದ ಸರ್ ನಕ್ಕರು: “ಕೇಬಲ್ ವೋಲ್ಟ್ ಏರಿಸುತ್ತೆ, ವಾಟ್ ಏರಿಸಲ್ಲ ಕಣಪ್ಪ.”

ನಾನು ಸಿಕ್ಕಿಸಿದ್ದು 1 ಆಂಪಿಯರ್ ಕಿಂಡಿಗೆ. 5 ವೋಲ್ಟ್ ಗುಣಿಸು 1, ಅಂದರೆ 5 ವಾಟ್. ರೌಟರಿಗೆ ಸುಮಾರು 6 ವಾಟ್ ಬೇಕು. ಪಕ್ಕದ 2 ಆಂಪಿಯರ್ ಕಿಂಡಿ 10 ವಾಟ್ ಕೊಡುತ್ತದೆ. ಅಲ್ಲಿಗೆ ಬದಲಿಸಿದ ಮೇಲೆ ಆರಲಿಲ್ಲ.

10,000 ಎಂಎಎಚ್ ಎಂದರೆ 3.7 ವೋಲ್ಟ್ ಲೆಕ್ಕದಲ್ಲಿ 37 ವಾಟ್-ಅವರ್. ಏರಿಸುವಾಗಿನ ನಷ್ಟ ಕಳೆದು ಸುಮಾರು 26 ಉಳಿದರೆ, ನಾಲ್ಕು ಗಂಟೆ ಸಾಕು.

ಒಮ್ಮೊಮ್ಮೆ ವೈಫೈ ಇದ್ದೂ ಇಂಟರ್ನೆಟ್ ಇರುವುದಿಲ್ಲ, ರೌಟರಿನಲ್ಲಿ ಕೆಂಪು ದೀಪ ಮಿನುಗುತ್ತದೆ. ಆಗ ಹೊರಗಿನ ಲೈನೇ ಸತ್ತಿರುತ್ತದೆ. ಅಂಥ ಸಂಜೆ ಆಪಾ ಪುಸ್ತಕ ತೆರೆಯುತ್ತಾಳೆ, ಪವರ್ ಬ್ಯಾಂಕ್ ಅಬ್ಬಾಗೆ ಹಿಂತಿರುಗುತ್ತದೆ.