ದನಿ ಏರಿಸದ ತಗಾದೆ

ಕೊಟ್ಟವನು ಕೋಡಂಗಿ, ಈಸಿಕೊಂಡವನು ಈರಭದ್ರ ಎಂಬ ಗಾದೆ ಸಾಲದ ವ್ಯವಹಾರದಲ್ಲಿ ಹುಟ್ಟಿದ್ದು. ಕೆಲಸ ಮುಗಿಸಿಕೊಟ್ಟು ಬಿಲ್ಲಿನ ಹಣಕ್ಕೆ ಕಾಯುವ ಸಣ್ಣ ಉದ್ಯಮಿಗೂ ಅದು ಚೆನ್ನಾಗಿ ಒಪ್ಪುತ್ತದೆ. ಎರಡು ತಿಂಗಳು ಸಂಕೋಚದಿಂದ ಸುಮ್ಮನಿದ್ದವರು ಮೂರನೆಯ ತಿಂಗಳು ಒಮ್ಮೆಲೇ ಸಿಡಿದು ಬರೆಯುತ್ತಾರೆ. ಮೌನದಿಂದಲೂ ಹಣ ಬರುವುದಿಲ್ಲ, ಸಿಟ್ಟಿನಿಂದಲೂ ಬರುವುದಿಲ್ಲ. ತಗಾದೆಯ ಇಮೇಲು ಹೆಜ್ಜೆಹೆಜ್ಜೆಗೂ ಬಿಗಿಯಾಗಬೇಕು ನಿಜ. ಆದರೆ ಆ ಬಿಗಿ ಬರಬೇಕಾದದ್ದು ಪ್ರತಿ ಪತ್ರಕ್ಕೆ ಹೊಸದಾಗಿ ಸೇರುವ ಒಂದೊಂದು ಸಂಗತಿಯಿಂದ, ಕಟುವಾದ ಮಾತಿನಿಂದಲ್ಲ ಎಂಬುದು ನನ್ನ ವಾದ.

ಒಂದು ಲೆಕ್ಕ ಹಿಡಿದು ನೋಡೋಣ. ಬೆಂಗಳೂರಿನ ಒಂದು ಪುಟ್ಟ ವಿನ್ಯಾಸ ಸಂಸ್ಥೆ ಮೇ 2ರಂದು ಕೆಲಸ ಒಪ್ಪಿಸಿ ಬಿಲ್ ಕಳಿಸಿದೆ ಎನ್ನಿ. ಒಂದು ಲಕ್ಷ ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ, ಒಟ್ಟು ₹1,18,000. ವಾಯಿದೆ 30 ದಿನ, ಅಂದರೆ ಜೂನ್ 1. ಮೊದಲ ಇಮೇಲ್ ಹೋಗಬೇಕಾದದ್ದು ವಾಯಿದೆ ತೀರುವ ಮುನ್ನವೇ, ಮೇ 28ರ ಸುಮಾರಿಗೆ. ಅದರಲ್ಲಿ ಬಿಲ್ ಸಂಖ್ಯೆ, ಮೊತ್ತ, ತಾರೀಕು, ಬ್ಯಾಂಕ್ ಖಾತೆಯ ವಿವರ, ಬಿಲ್ಲಿನ ಪ್ರತಿ ಇದ್ದರೆ ಸಾಕು. ಎರಡನೆಯದು ಜೂನ್ 5ಕ್ಕೆ, ಒಂದೇ ಪ್ರಶ್ನೆಯೊಂದಿಗೆ: ‘ಬಿಲ್ ಅಕೌಂಟ್ಸ್ ವಿಭಾಗಕ್ಕೆ ತಲುಪಿದೆಯೇ, ಯಾವ ದಿನ ಪಾವತಿ ಆಗಬಹುದು ಎಂದು ದಯವಿಟ್ಟು ತಿಳಿಸುವಿರಾ?’ ಪರ್ಚೇಸ್ ಆರ್ಡರ್ ಸಂಖ್ಯೆ ಬಿಟ್ಟುಹೋಗಿಯೋ, ಬಿಲ್ ಯಾರದೋ ಇನ್‌ಬಾಕ್ಸಿನಲ್ಲಿ ಕೂತೋ ಪಾವತಿ ನಿಂತಿದ್ದರೆ ಈ ಪ್ರಶ್ನೆಗೇ ಬಿಡುಗಡೆಯಾಗುತ್ತದೆ.

ಈ ಎರಡನೆಯ ಪತ್ರವೇ ಸರಣಿಯ ಜೀವ ಎಂದು ನಾನು ನಂಬುತ್ತೇನೆ. ಬಾಕಿಗಾಗಿ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷದ ಕಾಲಮಿತಿಯಿದೆ. ನಾವು ಎಷ್ಟು ನೆನಪೋಲೆ ಕಳಿಸಿದರೂ ಆ ಮಿತಿ ಒಂದು ದಿನವೂ ಮುಂದಕ್ಕೆ ಹೋಗದು. ಆದರೆ ಮಿತಿ ಮುಗಿಯುವ ಮೊದಲು ಬಾಕಿ ಇರುವುದನ್ನು ಎದುರಿನವರು ಬರಹದಲ್ಲಿ ಒಪ್ಪಿಕೊಂಡರೆ ಅಲ್ಲಿಂದ ಎಣಿಕೆ ಹೊಸದಾಗಿ ಶುರುವಾಗುತ್ತದೆ. ಇಮೇಲಿನಲ್ಲಿ ಮಾಡಿದ ಒಪ್ಪಿಗೆಯೂ ಸಲ್ಲುತ್ತದೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿದೆ. ‘ಮುಂದಿನ ವಾರ ಹಾಕುತ್ತೇವೆ’ ಎಂಬ ಒಂದು ಸಾಲಿನ ಉತ್ತರಕ್ಕೆ ಇಷ್ಟು ಬೆಲೆ. ಅಂಥ ಉತ್ತರ ಬರುವುದು ಸೌಜನ್ಯದ ಪ್ರಶ್ನೆಗೆ. ಗದರಿಕೆಯ ಪತ್ರವನ್ನು ಓದಿದವರು ಉತ್ತರ ಬರೆಯುವ ಬದಲು ವಕೀಲರಿಗೆ ಕಳಿಸುತ್ತಾರೆ.

ಮೂರನೆಯದು ಜೂನ್ 21ಕ್ಕೆ. ಹಿಂದಿನ ದಿನವಷ್ಟೇ ಮೇ ತಿಂಗಳ ಜಿಎಸ್‌ಟಿ ಕಟ್ಟುವ ಗಡುವು ಮುಗಿದಿದೆ. ಕೈಗೆ ಬಾರದ ಹಣದ ಮೇಲಿನ ₹18,000 ತೆರಿಗೆಯನ್ನು ಸಂಸ್ಥೆ ಆಗಲೇ ಲೆಕ್ಕಕ್ಕೆ ತೆಗೆದುಕೊಂಡಿದೆ. ಇದನ್ನು ದೂರಿನಂತಲ್ಲದೆ ಸಂಗತಿಯಾಗಿ ತಿಳಿಸಿ, ಉದ್ಯಮ್ ನೋಂದಣಿ ಸಂಖ್ಯೆಯನ್ನು ಸೇರಿಸಿ, ಒಂದು ನಿಶ್ಚಿತ ತಾರೀಕು ಕೇಳಬೇಕು. ನಾಲ್ಕನೆಯದು ಜುಲೈ 10ಕ್ಕೆ. ಇಲ್ಲಿ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಹೆಸರು ಬರುತ್ತದೆ. ಒಪ್ಪಂದದಲ್ಲಿ ಏನೇ ಬರೆದಿದ್ದರೂ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 45 ದಿನಕ್ಕಿಂತ ಹೆಚ್ಚಿನ ವಾಯಿದೆ ಹೇಳುವಂತಿಲ್ಲ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ 5.5 ಇದ್ದರೆ ಬಡ್ಡಿ ವರ್ಷಕ್ಕೆ ಶೇ. 16.5, ನಮ್ಮ ಬಿಲ್ಲಿಗೆ ಮೊದಲ ತಿಂಗಳಲ್ಲೇ ಸುಮಾರು ₹1,622. ಜುಲೈ 20ರೊಳಗೆ ಹಣ ಬಾರದಿದ್ದರೆ ವಿಷಯವನ್ನು ಫೆಸಿಲಿಟೇಶನ್ ಕೌನ್ಸಿಲ್ ಮುಂದೆ ಇಡುವುದಾಗಿ ಬರೆಯಬೇಕು, ಬರೆದ ಮೇಲೆ 21ಕ್ಕೆ ಇಡಲೇಬೇಕು. ಗಡುವು ಕೊಟ್ಟು ಸುಮ್ಮನಾದವರ ಐದನೆಯ ಪತ್ರವನ್ನು ಯಾರೂ ಓದುವುದಿಲ್ಲ.

ಕಾನೂನು ಕೈಯಲ್ಲಿರುವಾಗ ಮೊದಲ ದಿನವೇ ಅದನ್ನು ತೋರಿಸಬಾರದೇಕೆ ಎಂದು ಕೇಳುವವರಿದ್ದಾರೆ. ತೋರಿಸಿದರೆ ಮುಂದೆ ಸೇರಿಸಲು ಏನೂ ಉಳಿಯುವುದಿಲ್ಲ, ಉಳಿಯುವುದು ದನಿ ಏರಿಸುವುದೊಂದೇ. ಕೆಲವು ಅಸ್ತ್ರಗಳು ಆ ಹೊತ್ತಿಗೆ ನಾಟುವುದೂ ಇಲ್ಲ. ಸಣ್ಣ ಉದ್ಯಮಗಳಿಗೆ ಗಡುವಿನೊಳಗೆ ಕೊಡದ ಹಣವನ್ನು ಖರೀದಿದಾರರು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ 2023ರಲ್ಲಿ ಬಂತು. ಮಾರ್ಚ್ 31ರೊಳಗೆ ಕೊಟ್ಟರೆ ಅವರಿಗೆ ನಷ್ಟವಿಲ್ಲ, ಹಾಗಾಗಿ ಜೂನ್ ತಿಂಗಳಲ್ಲಿ ಅದನ್ನು ಎತ್ತಿ ಪ್ರಯೋಜನವಿಲ್ಲ. ಕೆಲಸ ಸರಿಯಿರಲಿಲ್ಲ ಎಂಬ ತಕರಾರು ನಾಲ್ಕನೆಯ ಪತ್ರದ ನಂತರ ಹುಟ್ಟುವುದುಂಟು. ಕೆಲಸ ಕೈಸೇರಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪಿಸದಿದ್ದರೆ ಒಪ್ಪಿದಂತೆಯೇ ಎನ್ನುತ್ತದೆ ಅದೇ ಕಾಯ್ದೆ. ಆಗ ಆ ಹದಿನೈದು ದಿನದ ಮೌನಕ್ಕೆ ಸಾಕ್ಷಿ ನಿಲ್ಲುವುದು ಮೊದಲೆರಡು ಮೆದು ಪತ್ರಗಳೇ.

ಕೇಳಿದರೆ ಸಂಬಂಧ ಕೆಡುತ್ತದೆ ಎಂಬ ಅಂಜಿಕೆಯೂ ಇದೆ. ಬಾಕಿಯಿರುವವರು ಉತ್ತರ ಕೊಡಲು ನಾಚಿ ಫೋನ್ ಎತ್ತದೆ ದೂರವಾಗುತ್ತಾರೆ, ಕೇಳದಿದ್ದರೂ ಸಂಬಂಧ ಹಳಸುತ್ತದೆ. ಅವರು ಹಿಂತಿರುಗಲು ದಾರಿಯಿರಬೇಕು. ಆದ್ದರಿಂದ ನಾಲ್ಕನೆಯ ಪತ್ರದಲ್ಲಿಯೂ ಬಡ್ಡಿಯ ಲೆಕ್ಕದ ಕೆಳಗೆ, ‘ಕಂತಿನಲ್ಲಿ ಕೊಡುವುದಾದರೆ ತಿಳಿಸಿ’ ಎಂಬ ಸಾಲು, ಅದರ ಕೆಳಗೆ ಮೊದಲ ಪತ್ರದಲ್ಲಿದ್ದ ಅದೇ ಬ್ಯಾಂಕ್ ಖಾತೆಯ ವಿವರ ಇರಬೇಕು.