ದೊಂದಿಯ ಹಿಂದಿನ ಕತ್ತಲೆ ಎಲ್ಲಿ ಹೋಯ್ತು?

ಶಿರ್ವದ ನಮ್ಮ ಬಾಡಿಗೆ ರೂಮಿಗೆ ನಾಲ್ಕು ಜನ ದುಡ್ಡು ಹಾಕಿ ಒಂದು ಸೆಕೆಂಡ್ ಹ್ಯಾಂಡ್ ಟಿವಿ ತಂದೆವು. ಅಂಗಡಿಯಲ್ಲಿ ಚಿತ್ರ ಜಗಮಗ ಅಂತಿತ್ತು. ರಾತ್ರಿ ಲೈಟ್ ಆಫ್ ಮಾಡಿ ‘ಕಾಂತಾರ’ ಹಾಕಿದೆವು. ಕೋಲದ ದೃಶ್ಯದಲ್ಲಿ ದೊಂದಿ ಚೆನ್ನಾಗಿಯೇ ಉರೀತಿತ್ತು, ಆದರೆ ಅದರ ಹಿಂದಿನ ಕತ್ತಲೆ ಬೂದಿ ಬಣ್ಣ. “ಎಂತದು ಮಾರಾಯ, ಬೆಳಗಾಯ್ತಾ?” ಅಂತ ಒಬ್ಬ ಕೇಳಿದ.

ಟಿವಿ ಹಾಳಾಗಿರಲಿಲ್ಲ. ‘ಎಲ್‌ಇಡಿ ಟಿವಿ’ ಅಂತ ಮಾರುವುದು ಸಾಮಾನ್ಯವಾಗಿ ಎಲ್‌ಸಿಡಿಯೇ. ಅದರ ಪಿಕ್ಸೆಲ್ ತಾನೇ ಬೆಳಗುವುದಿಲ್ಲ, ಹಿಂದಿರುವ ಎಲ್‌ಇಡಿ ಬೆಳಕಿಗೆ ಬಾಗಿಲಿನಂತೆ ಕೆಲಸ ಮಾಡ್ತದೆ. ಬಾಗಿಲು ಪೂರ್ತಿ ಮುಚ್ಚಿದರೂ ಸ್ವಲ್ಪ ಬೆಳಕು ಸೋರ್ತದೆ. ಐಪಿಎಸ್ ಪ್ಯಾನಲ್‌ನಲ್ಲಿ ಇದು ಸುಮಾರು ಸಾವಿರದಲ್ಲಿ ಒಂದು ಪಾಲು. ಬಿಳಿ 300 ನಿಟ್ಸ್ ಇದ್ದರೆ ಕಪ್ಪು 0.3 ನಿಟ್ಸ್. ವಿಎ ಪ್ಯಾನಲ್ ಇನ್ನೂ ಗಟ್ಟಿಯಾಗಿ ಮುಚ್ತದೆ. ಐದು ಸಾವಿರದಲ್ಲಿ ಒಂದು ಅಂತ ಹಿಡಿದರೆ ಅದರ ಕಪ್ಪು 0.06.

ಹಾಗಾದರೆ ಅಂಗಡಿಯಲ್ಲಿ ಯಾಕೆ ಗೊತ್ತಾಗ್ಲಿಲ್ಲ? ಅಲ್ಲಿನ ಟ್ಯೂಬ್‌ಲೈಟ್ ಪರದೆ ಮೇಲೆ ಪ್ರತಿಫಲಿಸಿ ಎಲ್ಲಾ ಕಡೆ 1 ನಿಟ್ ಸೇರಿಸ್ತು ಅಂತ ಇಟ್ಟುಕೊಳ್ಳಿ. ಐಪಿಎಸ್ ಕಾಂಟ್ರಾಸ್ಟ್ 301/1.3, ಅಂದರೆ ಸುಮಾರು 230. ವಿಎ 301/1.06, ಸುಮಾರು 284. ಹೆಚ್ಚು ಕಡಿಮೆ ಒಂದೇ! ಲೈಟ್ ಆಫ್ ಮಾಡಿದರೆ ಮಾತ್ರ 1000 ಮತ್ತು 5000ದ ಅಂತರ ಕಣ್ಣಿಗೆ ಬೀಳ್ತದೆ.

ಇದಕ್ಕೆ ಪರಿಹಾರ ಲೋಕಲ್ ಡಿಮ್ಮಿಂಗ್. ಚಿತ್ರ ಕಪ್ಪಾಗಿರುವ ಜಾಗದಲ್ಲಿ ಹಿಂದಿನ ದೀಪವನ್ನೇ ತಗ್ಗಿಸುವುದು. ಎಡ್ಜ್-ಲಿಟ್ ಟಿವಿಯಲ್ಲಿ ದೀಪಗಳು ಅಂಚಿನಲ್ಲಿ ಮಾತ್ರ ಇರುವ ಕಾರಣ, ಡಿಮ್ಮಿಂಗ್ ಇದ್ದರೂ ಒಂದು ದೊಂದಿಗೋಸ್ಕರ ಉದ್ದದ ಪಟ್ಟಿಯೇ ಬೆಳಗ್ತದೆ. ಫುಲ್-ಅರೇಯಲ್ಲಿ ಪರದೆಯ ಹಿಂದೆಲ್ಲಾ ದೀಪಗಳು, ಅವನ್ನು ಜೋನ್‌ಗಳಾಗಿ ಹಂಚಿರ್ತಾರೆ. ಆದರೆ 4ಕೆ ಟಿವಿಯಲ್ಲಿ 83 ಲಕ್ಷ ಪಿಕ್ಸೆಲ್. 100 ಜೋನ್ ಇದ್ದರೂ ಒಂದೊಂದು ಜೋನ್‌ಗೆ 83,000 ಪಿಕ್ಸೆಲ್ ಬಂತು. ಜೋನ್‌ನ ಒಂದು ಮೂಲೆಯಲ್ಲಿ ದೊಂದಿ ಇದ್ದರೂ ಇಡೀ ಜೋನ್ ಬೆಳಗಬೇಕು, ಹಾಗಾಗಿ ಸುತ್ತ ಮಬ್ಬು ಪ್ರಭೆ ಕಾಣ್ತದೆ. ಇದೇ ಬ್ಲೂಮಿಂಗ್. ಮಿನಿ-ಎಲ್‌ಇಡಿಯಲ್ಲಿ ದೀಪ ಚಿಕ್ಕದು, ಜೋನ್ ಹೆಚ್ಚು, ಪ್ರಭೆಯೂ ಚಿಕ್ಕದು. ಒಎಲ್‌ಇಡಿಯಲ್ಲಿ ಪ್ರತಿ ಪಿಕ್ಸೆಲ್ ತಾನೇ ಬೆಳಗಿ ತಾನೇ ಆರ್ತದೆ, ಅಲ್ಲಿ ಈ ಸಮಸ್ಯೆಯೇ ಇಲ್ಲ.

ನಮ್ಮದು ಯಾವುದು ಅಂತ ನೋಡಲಿಕ್ಕೆ ಕತ್ತಲಲ್ಲಿ ಲ್ಯಾಪ್‌ಟಾಪ್ ಜೋಡಿಸಿ, ಪೂರ್ತಿ ಕಪ್ಪು ಚಿತ್ರದ ಮೇಲೆ ಮೌಸ್‌ನ ಬಿಳಿ ಬಾಣವನ್ನು ನಿಧಾನ ಓಡಿಸಿದೆವು. ಬಾಣದ ಜೊತೆ ಬೆಳಕಿನ ಚೌಕ ಬಂದರೆ ಫುಲ್-ಅರೇ, ಪಟ್ಟಿ ಬಂದರೆ ಎಡ್ಜ್. ನಮ್ಮದರಲ್ಲಿ ಎಂತದೂ ಕದಲಲಿಲ್ಲ, ಮೂಲೆಗಳು ಸುಮ್ಮನೆ ಮಿನುಗ್ತಾ ಕೂತಿದ್ದವು. ಡಿಮ್ಮಿಂಗೇ ಇಲ್ಲ!

ವಾಪಸ್ ಕೊಡುವ ಹಾಗಿರಲಿಲ್ಲ. ಬ್ಯಾಕ್‌ಲೈಟ್ ಸೆಟ್ಟಿಂಗ್ ತಗ್ಗಿಸಿ, ಟಿವಿ ಹಿಂದಿನ ಗೋಡೆಗೆ ಒಂದು ಮಂದ ಬಲ್ಬ್ ಹಾಕಿದೆವು. ಸೋರುವ ಬೆಳಕು ತಗ್ಗಿದರೂ ಪೂರ್ತಿ ಹೋಗಲಿಲ್ಲ, ಆದರೆ ಪಕ್ಕದ ಗೋಡೆ ಬೆಳಗಿದ್ದರಿಂದ ಬೂದಿ ಈಗ ಕಪ್ಪಿನ ಹಾಗೆ ಕಾಣ್ತದೆ. ಮುಂದಿನ ಸಲ ಟಿವಿ ತರುವಾಗ ಮಾತ್ರ ಮೊದಲು ಅಂಗಡಿಯವರ ಹತ್ರ ಹೇಳ್ತೇವೆ: “ಅಣ್ಣಾ, ಒಂದು ನಿಮಿಷ ಲೈಟ್ ಆಫ್ ಮಾಡಿ.”